ಮರ ಚೆನ್ನಾಗಿತ್ತು, ಸದಸ್ಯರೇ ಇರಲಿಲ್ಲ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಂಘದ ಪ್ರೋಗ್ರಾಂ ನೋಡಿಕೊಳ್ಳುವ ಕೆಲಸ ನನ್ನದು. ಕೌಂಟರಿನಲ್ಲಿ ಸದಸ್ಯರ ನಂಬರ್ ಒತ್ತಿದರೆ ಅವರ ಖಾತೆ ತೆರೆಯಬೇಕು, ಅಷ್ಟೇ. ಹುಡುಕುವುದಕ್ಕೆ ಹಿಂದೆ ಯಾರೋ ಒಂದು ಸರ್ಚ್ ಟ್ರೀ ಬರೆದಿಟ್ಟಿದ್ದರು. ಪ್ರತಿ ನೋಡ್‌ನಲ್ಲಿ ಒಂದು ನಂಬರ್. ಅದಕ್ಕಿಂತ ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ಬೆಳಿಗ್ಗೆ ಕಂಪ್ಯೂಟರ್ ಶುರುವಾದಾಗ ಫೈಲಿನಿಂದ ಒಂದೊಂದೇ ನಂಬರ್ ಓದಿ ಮರಕ್ಕೆ ಸೇರಿಸುತ್ತಿತ್ತು. ಹಲವು ವರ್ಷ ತೊಂದರೆ ಇಲ್ಲದೆ ನಡೆದಿತ್ತು.

ಮಳೆಗಾಲದ ಒಂದು ಬೆಳಿಗ್ಗೆ ಪ್ರೋಗ್ರಾಂ ಏಳಲೇ ಇಲ್ಲ. ಪರದೆ ಮೇಲೆ `RecursionError`. ಕೋಡ್ ಯಾರೂ ಮುಟ್ಟಿರಲಿಲ್ಲ. ಬದಲಾಗಿದ್ದು ಫೈಲು. ಅಲ್ಲಿಯವರೆಗೆ ಅರ್ಜಿ ಫೈಲುಗಳು ಸಿಕ್ಕ ಕ್ರಮದಲ್ಲಿ, ಅಂದರೆ ಹಿಂದುಮುಂದಾಗಿ ನಂಬರ್ ಇರುತ್ತಿತ್ತು. ಹಾಗಾಗಿ ಮರ ಸ್ವಲ್ಪ ಓರೆಯಾದರೂ ಎರಡೂ ಕಡೆ ಕೊಂಬೆ ಒಡೆಯುತ್ತಿತ್ತು. ಆ ವಾರ ಗುಮಾಸ್ತರು ಪಟ್ಟಿಯನ್ನು ನೀಟಾಗಿ ನಂಬರಿನ ಕ್ರಮದಲ್ಲಿ ಜೋಡಿಸಿ ಕೊಟ್ಟಿದ್ದರು. ಜೋಡಿಸಿದ ಪಟ್ಟಿಯನ್ನು ಒಂದೊಂದೇ ಸೇರಿಸಿದರೆ ಪ್ರತಿ ಹೊಸ ನಂಬರೂ ಹಿಂದಿನದಕ್ಕಿಂತ ದೊಡ್ಡದು, ಪ್ರತಿಯೊಂದೂ ಬಲಕ್ಕೇ ಹೋಗುತ್ತದೆ. ಮರ ಅಡಿಕೆ ಮರದ ಹಾಗೆ, ಒಂದೂ ಕೊಂಬೆ ಇಲ್ಲದೆ ನೇರ ಬೆಳೆಯುತ್ತದೆ. ಸದಸ್ಯರು 3400 ಜನ. ಸೇರಿಸುವ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತಾ ಇಳಿಯುವಂಥದ್ದು, ಪೈಥಾನ್ ಸಾಮಾನ್ಯವಾಗಿ 1000 ಸಲಕ್ಕೆ ಅದನ್ನು ತಡೆಯುತ್ತದೆ. ಅಲ್ಲಿಗೆ ನಿಂತಿತ್ತು.

ಪಟ್ಟಿ ಜೋಡಿಸಿ ಬಂದಿದೆ ಅಂದರೆ ಅದು ಲಾಭವೇ ಅಲ್ವಾ? ನಡುವಿನ ನಂಬರನ್ನು ಮರದ ಬೇರಾಗಿ ಇಡಿ. ಅದರ ಎಡಕ್ಕಿರುವ ಅರ್ಧದಿಂದ ಎಡಗಡೆಯ ಮರ, ಬಲಕ್ಕಿರುವ ಅರ್ಧದಿಂದ ಬಲಗಡೆಯ ಮರ. ಆ ಅರ್ಧಗಳಲ್ಲೂ ಮತ್ತೆ ಇದೇ. ಪ್ರತಿ ಸಲ ಎರಡು ಭಾಗಗಳ ನಡುವೆ ಹೆಚ್ಚೆಂದರೆ ಒಂದು ನಂಬರಿನ ವ್ಯತ್ಯಾಸ, ಹಾಗಾಗಿ ಮರ ವಾಲುವುದಕ್ಕೆ ಜಾಗವೇ ಇಲ್ಲ. 3400 ನಂಬರಿಗೆ 12 ಹಂತ ಸಾಕು.

ನಾನು ಮೊದಲು ಬರೆದಾಗ ಪ್ರತಿ ಸಲ ಅರೇಯನ್ನು `a[:mid]`, `a[mid+1:]` ಅಂತ ತುಂಡು ಮಾಡಿ ಕೊಟ್ಟಿದ್ದೆ. ಸರಿಯಾಗಿಯೇ ಓಡಿತು. ಆದರೆ ಪ್ರತಿ ಹಂತದಲ್ಲೂ ಇಡೀ ಪಟ್ಟಿಯ ನಕಲು ಆಗುತ್ತದಲ್ಲ ಅಂತ ಅನ್ನಿಸಿ, ತುಂಡು ಮಾಡುವ ಬದಲು `lo`, `hi` ಅಂತ ಎರಡು ಗುರುತು ಕಳಿಸುವ ಹಾಗೆ ತಿದ್ದಿದೆ. ತಪ್ಪು ಹೊಕ್ಕಿದ್ದು ಆಗಲೇ. ಎಡಗಡೆಯ ಸಾಲನ್ನು ಹೀಗೆ ಬರೆದಿದ್ದೆ:

```
n.left = build(a, lo, mid - 1)
```

ಕೈ ರೂಢಿ. ಬೈನರಿ ಸರ್ಚ್ ಬರೆಯುವಾಗ `hi` ಕೊನೆಯ ನಂಬರಿನ ಮೇಲೇ ಇರುತ್ತದೆ, ಅಲ್ಲಿ `mid - 1` ಸರಿ. ಇಲ್ಲಿ ನನ್ನ `hi` ಕೊನೆಯದರ ಮುಂದಿನ ಜಾಗ. ಹಾಗಾಗಿ ಎಡಕ್ಕೆ ಹೋದಾಗಲೆಲ್ಲ ನಡುವಿನದರ ಪಕ್ಕದ ಒಂದು ನಂಬರ್ ಬಿಟ್ಟುಹೋಗುತ್ತದೆ. ಅದು ಎಡದ ಮರಕ್ಕೂ ಸೇರಲಿಲ್ಲ, ಬೇರೂ ಆಗಲಿಲ್ಲ.

ಓಡಿಸಿದೆ. ದೋಷ ಏನೂ ಬರಲಿಲ್ಲ. ಎತ್ತರ ನೋಡಿದೆ, 11. ಎಡದಿಂದ ಬಲಕ್ಕೆ ಓದಿಸಿದೆ, ನಂಬರೆಲ್ಲ ಏರುವ ಕ್ರಮದಲ್ಲೇ ಬಂದವು. ಖುಷಿಯಾಗಿ ಮನೆಗೆ ಹೋದೆ.

ಮರುದಿನ ಕೌಂಟರಿನಿಂದ ಫೋನು. ಹಿರಿಯ ಸದಸ್ಯರೊಬ್ಬರು ನಿಂತಿದ್ದರು. "ಮೂವತ್ತು ವರ್ಷದಿಂದ ಸದಸ್ಯ ಮಾರಾಯ, ನನ್ನ ನಂಬರೇ ಇಲ್ಲ ಅಂತಿದೆಯಲ್ಲ ನಿನ್ನ ಕಂಪ್ಯೂಟರು" ಅಂದರು. ಅವರ ಹಿಂದೆ ಇದ್ದವರದ್ದೂ ಇರಲಿಲ್ಲ. ಅಡಿಕೆ ಮೂಟೆ ತಂದು ಮಳೆಯಲ್ಲಿ ನಿಂತವರಿಗೆ ನೀವು ಸದಸ್ಯರೇ ಅಲ್ಲ ಅಂತ ಹೇಳಿದ ಹಾಗಾಯಿತು. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಆ ದಿನ ಕಂಪ್ಯೂಟರ್ ಬಿಟ್ಟು ಕಾಗದ ತಗೊಂಡು ಕೂತೆ. ಹತ್ತು ನಂಬರ್ ಬರೆದುಕೊಂಡೆ: 12, 18, 25, 31, 40, 47, 53, 66, 72, 80. ಜಾಗಗಳು 0 ರಿಂದ 9, `hi` 10. ನಡು 5, ಅಲ್ಲಿರುವುದು 47. ಅದು ಬೇರು. ಸರಿಯಾದ ಲೆಕ್ಕದಲ್ಲಿ ಎಡಕ್ಕೆ 12 ರಿಂದ 40 ರವರೆಗೆ ಐದು ನಂಬರ್, ನಡುವಿನದು 25. ಬಲಕ್ಕೆ 53 ರಿಂದ 80 ರವರೆಗೆ ನಾಲ್ಕು, ಜಾಗ 8 ರಲ್ಲಿರುವ 72 ಬರುತ್ತದೆ. ಮೂರನೇ ಹಂತದಲ್ಲಿ 18, 40, 66, 80. ನಾಲ್ಕನೆಯದರಲ್ಲಿ 12, 31, 53. ಒಟ್ಟು ಹತ್ತು.

ಈಗ ನನ್ನ ತಪ್ಪು ಸಾಲಿನಲ್ಲಿ ಮಾಡಿದೆ. 47 ರ ಎಡಕ್ಕೆ ಹೋಗುವಾಗ 40 ಬಿಟ್ಟಿತು. 25 ರ ಎಡಕ್ಕೆ ಹೋಗುವಾಗ 18 ಬಿಟ್ಟಿತು. 72 ರ ಎಡಕ್ಕೆ ಹೋಗುವಾಗ 66 ಬಿಟ್ಟಿತು. ಉಳಿದದ್ದು 47, ಅದರ ಕೆಳಗೆ 25 ಮತ್ತು 72, ಅವುಗಳ ಕೆಳಗೆ 12, 31, 53, 80. ಏಳು ನೋಡ್, ಮೂರು ಹಂತ, ಒಂದು ಜಾಗವೂ ಖಾಲಿ ಇಲ್ಲ. ನೋಡಿ, ತಪ್ಪು ಮರ ಸರಿಯಾದ ಮರಕ್ಕಿಂತ ಚೆಂದ ಕಾಣುತ್ತದೆ. ಸಮತೋಲನ ಇದೆ, ಕ್ರಮವೂ ಇದೆ. ನಾನು ನೋಡಿದ ಎರಡು ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ. ಬಿಟ್ಟುಹೋದದ್ದನ್ನು ಹಿಡಿಯಬೇಕಾದರೆ ಎಣಿಸಲೇಬೇಕು.

ಸಂಘದ ಮರ ಎಣಿಸಿದೆ. 2047 ನೋಡ್ ಇದ್ದವು. 1353 ಜನ ಇರಲೇ ಇಲ್ಲ. ಎತ್ತರ 11 ಅಂತ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಒಂದು ಹಂತದಲ್ಲಿ 1, ಎರಡರಲ್ಲಿ 3, ಮೂರರಲ್ಲಿ 7, ಹೀಗೆ 11 ಹಂತದಲ್ಲಿ 2047 ಕ್ಕಿಂತ ಒಂದೂ ಜಾಸ್ತಿ ಹಿಡಿಸುವುದಿಲ್ಲ. 3400 ಜನರನ್ನು ಅಲ್ಲಿ ಕೂರಿಸುವುದು ಸಾಧ್ಯವೇ ಇಲ್ಲ. ಎತ್ತರ ಜಾಸ್ತಿಯಾದರೆ ಮರ ವಾಲಿದೆ ಅಂತ ಎಲ್ಲರೂ ನೋಡುತ್ತಾರೆ. ಕಡಿಮೆಯಾದರೆ ಏನೋ ಕಳೆದುಹೋಗಿದೆ ಅಂತ ಅರ್ಥ.

ತಿದ್ದಿದ್ದು ಇಷ್ಟು:

```
def build(a, lo, hi):
    if lo >= hi:
        return None
    mid = (lo + hi) // 2
    n = Node(a[mid])
    n.left = build(a, lo, mid)
    n.right = build(a, mid + 1, hi)
    return n
```

ಕರೆಯುವುದು `build(a, 0, len(a))`. ಎಡದ ಭಾಗ `mid` ಗೆ ನಿಲ್ಲುತ್ತದೆ, ಆದರೆ `mid` ಸೇರುವುದಿಲ್ಲ. ಬಲದ್ದು ಅದರ ಮುಂದಿನದರಿಂದ ಶುರು. ಪ್ರತಿ ನಂಬರೂ ಒಂದೇ ಒಂದು ಸಲ ನೋಡ್ ಆಗುತ್ತದೆ, ನಕಲು ಮಾಡುವ ಕೆಲಸವೂ ಇಲ್ಲ. ಆಳ 12 ದಾಟದ ಕಾರಣ ಪೈಥಾನಿನ ತಡೆಯೂ ಅಡ್ಡ ಬರುವುದಿಲ್ಲ. ಒಂದು ಷರತ್ತು ಮಾತ್ರ ಇದೆ: ಪಟ್ಟಿ ನಿಜವಾಗಿ ಜೋಡಿಸಿರಬೇಕು. ಇಲ್ಲದಿದ್ದರೂ ಈ ಫಂಕ್ಷನ್ ದೂರುವುದಿಲ್ಲ, ಸುಮ್ನೆ ಮರ ಕಟ್ಟಿಬಿಡುತ್ತದೆ. ಅದಕ್ಕೇ ಮೊದಲು ನಾನೇ `sort` ಮಾಡಿಸುತ್ತೇನೆ.

ಹಾಗಾದರೆ ಅರೇಯಲ್ಲೇ ಬೈನರಿ ಸರ್ಚ್ ಮಾಡಬಹುದಿತ್ತಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ನಿಜ. ಹೊಸದಾಗಿ ಬರೆಯುವುದಾದರೆ ನಾನೂ ಹಾಗೇ ಮಾಡುತ್ತಿದ್ದೆ, ಹೆಜ್ಜೆಗಳೂ ಅಷ್ಟೇ ಆಗುತ್ತವೆ. ಆದರೆ ಖಾತೆ, ರಸೀದಿ ಎಲ್ಲದರ ಕೋಡೂ ಈ ಮರವನ್ನೇ ನೆಚ್ಚಿಕೊಂಡಿತ್ತು. ಕಟ್ಟುವ ವಿಧಾನ ಬದಲಿಸಿದರೆ ಉಳಿದದ್ದನ್ನು ಮುಟ್ಟಬೇಕಿರಲಿಲ್ಲ.

ಈ ಮರ ತನ್ನನ್ನು ತಾನು ಸರಿಮಾಡಿಕೊಳ್ಳುವುದಿಲ್ಲ ಅನ್ನುವುದು ಆಮೇಲೆ ಕಾಡಿತು. ಹೊಸ ಸದಸ್ಯರ ನಂಬರ್ ಯಾವಾಗಲೂ ದೊಡ್ಡದೇ, ಎಲ್ಲ ಬಲತುದಿಗೇ ಸಾಲಾಗಿ ನಿಲ್ಲುತ್ತವೆ. ಒಂದೇ ದಿನ 60 ಜನ ಸೇರಿದಾಗ ಕೊನೆಯವರು 71ನೇ ಹಂತದಲ್ಲಿದ್ದರು. ಒಂದು ದಿನದ ಮಟ್ಟಿಗೆ ಅದು ದೊಡ್ಡ ವಿಷಯವಲ್ಲ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮರವನ್ನು ಎಡದಿಂದ ಬಲಕ್ಕೆ ಓದಿಸಿದರೆ ಜೋಡಿಸಿದ ಅರೇ ತಾನಾಗಿಯೇ ಸಿಗುತ್ತದೆ. ಅದನ್ನೇ ಮತ್ತೆ `build` ಗೆ ಕೊಡುತ್ತೇನೆ.

ಕಟ್ಟಿದ ಮೇಲೆ ಪರದೆಯಲ್ಲಿ ಮೂರು ಅಂಕಿ ತೋರಿಸುತ್ತದೆ: ಫೈಲಿನಲ್ಲಿರುವ ಸದಸ್ಯರು, ಮರದಲ್ಲಿರುವ ಸದಸ್ಯರು, ಎತ್ತರ. ಮೊದಲ ಎರಡು ಹೊಂದದಿದ್ದರೆ ಕೌಂಟರ್ ತೆರೆಯುವುದೇ ಇಲ್ಲ. ಇವತ್ತು ಬೆಳಿಗ್ಗೆ 3460, 3460, 12 ಅಂತ ಇತ್ತು. 4096ನೇ ಸದಸ್ಯರು ಸೇರಿದ ರಾತ್ರಿ ಆ ಕೊನೆಯ ಅಂಕಿ 13 ಆಗಬೇಕು.