ಮನೆಗೆ ಫೋನ್ ಮಾಡಿಸಿ ನೋಡಿದೆ: ಸಹಾಯ ಕೌಂಟರಿನ ನನ್ನ ಅನುಭವ

ಆಸ್ಪತ್ರೆಯ ಸಹಾಯ ಕೌಂಟರಿನಲ್ಲಿ ಕೂರುವ ನಮ್ಮಂಥವರಿಗೆ ಓಪಿಡಿ, ಅಡ್ಮಿಷನ್, ರೆಫರಲ್, ಡಿಸ್ಚಾರ್ಜ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕುಟುಂಬಕ್ಕೆ ಅವನ್ನು ಮನದಟ್ಟು ಮಾಡಿಸುವುದು ಹೇಗೆ ಎಂಬುದೇ ನಮ್ಮೆಲ್ಲರ ತಲೆನೋವು. ಈಗ ನಾನು ಅನುಸರಿಸುತ್ತಿರುವ ಕ್ರಮದಲ್ಲಿ ಶಬ್ದಗಳ ಅರ್ಥವನ್ನು ಹೇಳುವುದೇ ಇಲ್ಲ. ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟು, ನನ್ನೆದುರಿಗೇ ಮನೆಗೆ ಫೋನ್ ಮಾಡಿ ವಿಷಯ ತಿಳಿಸುವಂತೆ ಅವರನ್ನು ಕೇಳಿಕೊಳ್ಳುತ್ತೇನೆ. ಇದನ್ನು ಶುರು ಮಾಡಿದಾಗ ಬಿಲ್ಲಿಂಗ್ ವಿಭಾಗದವರು ನಕ್ಕರು, ನರ್ಸಿಂಗ್ ಮೇಲ್ವಿಚಾರಕರು ಸರತಿಸಾಲು ಬಾಗಿಲ ತನಕ ಬೆಳೆಯುತ್ತದೆ ಎಂದು ಗೊಣಗಿದರು. ಅದೇ ಮೇಲ್ವಿಚಾರಕರು ಈಗ ತಮ್ಮ ವಾರ್ಡಿನ ಹೊಸಬರನ್ನು ನನ್ನ ಪಕ್ಕದಲ್ಲಿ ಒಂದು ಪಾಳಿ ಕೂರಿಸುತ್ತಾರೆ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ನಮ್ಮಲ್ಲಿ ನಡೆದ ಪ್ರಯತ್ನಗಳು ದುಡ್ಡು ತಿಂದವೇ ಹೊರತು ಕೆಲಸಕ್ಕೆ ಬರಲಿಲ್ಲ. ಶಬ್ದಗಳನ್ನೂ ಅವುಗಳ ವಿವರಣೆಯನ್ನೂ ಮುದ್ರಿಸಿದ ಬಣ್ಣದ ಕರಪತ್ರಗಳಿಗೆ ವಿಭಾಗದ ಆ ವರ್ಷದ ಮುದ್ರಣದ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಸಂಜೆಯ ಹೊತ್ತಿಗೆ ಅವು ಕುರ್ಚಿಗಳ ಮೇಲೆ ಬಿದ್ದಿರುತ್ತಿದ್ದವು, ಕೆಲವದರ ಹಿಂಬದಿಯಲ್ಲಿ ಯಾರದೋ ಫೋನ್ ನಂಬರ್ ಇರುತ್ತಿತ್ತು. ಆಮೇಲೆ ಗೋಡೆಗೆ ಹಾಕಿದ ಫಲಕದಲ್ಲಿ ಓಪಿಡಿಯಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ಎಂದು ಬಾಣದ ಗುರುತುಗಳಿದ್ದವು. ರೋಗಿ ಆ ಬಾಣದ ದಾರಿಯಲ್ಲಿ ಹೋಗದಿದ್ದರೆ ಏನು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ, ಮತ್ತು ಗಲಿಬಿಲಿಗೊಳ್ಳುವವರೆಲ್ಲ ಆ ದಾರಿ ತಪ್ಪಿದವರೇ ಆಗಿದ್ದರು.

ಕೌಂಟರಿನ ಆಚೆ ನಿಂತು ಜನ ಮನೆಗೆ ಫೋನ್ ಮಾಡುವುದನ್ನು ಕೇಳಿಸಿಕೊಂಡ ಮೇಲೆ ನನಗೆ ಸುಳಿವು ಸಿಕ್ಕಿತು. ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಆಚೆ ಹೋದವರು ಫೋನಿನಲ್ಲಿ ಹೇಳುತ್ತಿದ್ದುದೇ ಬೇರೆ. ತುರ್ತು ವಿಭಾಗದ ಮಂಚದ ಮೇಲೆ ನಿಗಾದಲ್ಲಿಟ್ಟಿದ್ದರೆ ‘ಅಡ್ಮಿಟ್ ಮಾಡಿಕೊಂಡರು’ ಎನ್ನುತ್ತಿದ್ದರು, ಬೇರೆ ವಿಭಾಗದ ವೈದ್ಯರ ಅಭಿಪ್ರಾಯ ಕೇಳಿದ್ದರೆ ‘ಇಲ್ಲಿ ಆಗೋದಿಲ್ಲವಂತೆ’ ಎನ್ನುತ್ತಿದ್ದರು. ಹಾಗೆ ಕೇಳಿದ ಹತ್ತು ಕರೆಗಳಲ್ಲಿ ಆರೇಳಾದರೂ ತಪ್ಪಾಗಿದ್ದವು ಎಂದು ನನ್ನ ನೆನಪು. ಅಂದಿನಿಂದ ಯಾವುದೇ ಶಬ್ದ ಬಂದರೂ ಮೂರೇ ವಿಷಯ ಹೇಳುತ್ತೇನೆ: ಈ ರಾತ್ರಿ ರೋಗಿ ಎಲ್ಲಿ ಮಲಗುತ್ತಾರೆ, ಈಗ ನಿಮ್ಮ ಕೈಯಲ್ಲಿ ಯಾವ ಕಾಗದವಿರಬೇಕು, ಮುಂದಿನ ಹಣ ಯಾವಾಗ ಮತ್ತು ಯಾವ ಲೆಕ್ಕಕ್ಕೆ. ಇವನ್ನು ಅವರು ಮನೆಯವರಿಗೆ ತಮ್ಮ ಮಾತಿನಲ್ಲಿ ಸರಿಯಾಗಿ ಹೇಳಿದರೆ ಶಬ್ದ ಅರ್ಥವಾಗಿದೆ. ತಪ್ಪಿದರೆ, ಫೋನ್ ಇಟ್ಟ ಮೇಲೆ ತಪ್ಪಿದ ಆ ಒಂದನ್ನು ಮಾತ್ರ ಮತ್ತೆ ಹೇಳುತ್ತೇನೆ.

ನಾಲ್ಕೂ ಶಬ್ದಗಳು ಒಂದೇ ಕುಟುಂಬಕ್ಕೆ ಎದುರಾದ ಪ್ರಸಂಗವೊಂದನ್ನು ಗುರುತು ಸಿಗದಷ್ಟು ಬದಲಿಸಿ ಹೇಳುತ್ತೇನೆ. ಅರವತ್ತು ದಾಟಿದ ತಂದೆಗೆ ಹೊಟ್ಟೆನೋವು, ಕಣ್ಣು ಹಳದಿ. ಜೊತೆಗೆ ಮಗ ಮತ್ತು ಸೊಸೆ. ಬೆಳಿಗ್ಗೆ ಓಪಿಡಿ ಚೀಟಿ ಮಾಡಿಸಿದರು. ನಾನು ಹೇಳಿದ್ದಿಷ್ಟು: ‘ರಾತ್ರಿ ಅಪ್ಪ ನಿಮ್ಮ ಮನೆಯಲ್ಲೇ ಮಲಗುತ್ತಾರೆ ಎಂಬ ಲೆಕ್ಕದಲ್ಲಿ ಈ ಚೀಟಿ ಮಾಡಿದ್ದೇವೆ. ವೈದ್ಯರು ಬರೆದ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಒಂದೊಂದಕ್ಕೂ ಮೊದಲು ಹಣ ಕಟ್ಟಿ ರಸೀದಿ ತೋರಿಸಬೇಕು. ವರದಿ ಬಂದ ಮೇಲೆ ಇದೇ ಚೀಟಿಯೊಂದಿಗೆ ಅದೇ ವೈದ್ಯರ ಬಳಿ ಹೋಗಬೇಕು.’ ವರದಿ ತೋರಿಸದೆ ಮನೆಗೆ ಹೊರಟುಬಿಡುವವರು ಎಷ್ಟು ಮಂದಿ ಎಂಬುದು ನಿಮಗೂ ಗೊತ್ತು. ಪರೀಕ್ಷೆ ಮುಗಿದರೆ ಓಪಿಡಿ ಮುಗಿಯಿತು ಎಂದು ಅವರು ತಿಳಿದಿರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ತಂದೆಗೆ ಚಳಿಜ್ವರ ಬಂತು. ವೈದ್ಯರು ತುರ್ತು ವಿಭಾಗಕ್ಕೆ ಕಳಿಸಿದರು, ಅಲ್ಲಿ ಮಂಚ ಸಿಕ್ಕಿತು, ಕೈಗೆ ಕ್ಯಾನುಲಾ ಹಾಕಿ ಡ್ರಿಪ್ ಏರಿಸಿದರು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮಂಚ, ಡ್ರಿಪ್ ಎರಡೂ ಇದ್ದ ಮೇಲೆ ಅಡ್ಮಿಟ್ ಆದಂತೆಯೇ ಎಂದು ಅವರು ನಂಬುತ್ತಾರೆ. ಆದರೆ ವೈದ್ಯರು ಅಡ್ಮಿಷನ್ ಆದೇಶ ಬರೆದು, ಕುಟುಂಬದವರು ಅಡ್ಮಿಷನ್ ಕೌಂಟರಿನಲ್ಲಿ ಸಹಿ ಹಾಕಿ, ಒಳರೋಗಿ ಸಂಖ್ಯೆ ಸಿಗುವವರೆಗೆ ಅದು ನಿಗಾ ಮಾತ್ರ. ಕೆಲವು ಗಂಟೆಗಳ ನಂತರ ಮನೆಗೂ ಕಳಿಸಬಹುದು, ವಾರ್ಡಿಗೂ ಏರಿಸಬಹುದು. ‘ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಸಂಜೆ ವೈದ್ಯರು ಹೇಳುತ್ತಾರೆ’ ಎಂದೆ. ಮಗ ಅದನ್ನೇ ತಾಯಿಗೆ ಫೋನಿನಲ್ಲಿ ಹೇಳಿದ, ಬಟ್ಟೆಬರೆ ತೆಗೆದುಕೊಂಡು ಈಗಲೇ ಹೊರಡುವುದು ಬೇಡ ಎಂದೂ ಸೇರಿಸಿದ. ಆ ಎರಡನೆಯ ಮಾತನ್ನು ನಾನು ಹೇಳಿರಲಿಲ್ಲ. ಅರ್ಥವಾದದ್ದಕ್ಕೆ ಅಂಥ ಸ್ವಂತ ಮಾತೇ ನನಗೆ ಗುರುತು.

ಸಂಜೆ ಅಡ್ಮಿಷನ್ ಬರೆದರು. ಅಡ್ವಾನ್ಸ್ ಎಂದ ಕೂಡಲೇ ಅದು ಚಿಕಿತ್ಸೆಯ ಪೂರ್ತಿ ದರವೆಂದು ಜನ ಭಾವಿಸುತ್ತಾರೆ, ಆಮೇಲೆ ಮಧ್ಯಂತರ ಬಿಲ್ಲು ಬಂದಾಗ ಜಗಳವಾಗುತ್ತದೆ. ಆದ್ದರಿಂದ ಹಣದ ಮಾತನ್ನು ನಾನು ನಿಧಾನವಾಗಿ ಆಡುತ್ತೇನೆ. ಅಡ್ವಾನ್ಸ್ ಕುಟುಂಬದ ಹೆಸರಿನಲ್ಲಿ ಜಮೆಯಾಗಿರುವ ಹಣ. ಮಂಚದ ಬಾಡಿಗೆ, ಔಷಧ, ಪರೀಕ್ಷೆ ಎಲ್ಲವೂ ಅದರ ಎದುರಿಗೆ ಖರ್ಚು ಬೀಳುತ್ತ ಹೋಗುತ್ತವೆ. ಮೀರಿದರೆ ಮತ್ತೆ ಕಟ್ಟಿಸಿಕೊಳ್ಳುತ್ತಾರೆ, ಉಳಿದರೆ ಹಿಂದಿರುಗಿಸುತ್ತಾರೆ, ಹಿಂದಿರುಗಿಸಲು ಮೂಲ ರಸೀದಿ ಬೇಕು. ಮಂಚದ ದಿನವನ್ನು ಕೆಲವು ಕಡೆ ಅಡ್ಮಿಟ್ ಆದ ಗಂಟೆಯಿಂದ ಎಣಿಸುತ್ತಾರೆ, ಕೆಲವು ಕಡೆ ನಿಗದಿತ ಸಮಯ ದಾಟಿದರೆ ಇನ್ನೊಂದು ದಿನವೆಂದು ಹಿಡಿಯುತ್ತಾರೆ. ಇದನ್ನು ಮೊದಲ ದಿನವೇ ಕೇಳಿಕೊಳ್ಳಿ ಎಂದು ನಾನೇ ಹೇಳುತ್ತೇನೆ. ಬಿಲ್ಲಿಂಗಿನವರಿಗೆ ಇದು ರುಚಿಸುವುದಿಲ್ಲ, ಆದರೂ ಕೊನೆಯ ದಿನದ ಕೂಗಾಟ ಅವರಿಗೂ ತಪ್ಪುತ್ತದೆ.

ಮರುದಿನ ಬೆಳಗಿನ ರೌಂಡ್ಸಿನಲ್ಲಿ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಸೋಂಕೂ ಇದೆ, ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲು ತೆಗೆಯುವ ಇಆರ್‌ಸಿಪಿ ಸೌಲಭ್ಯ ನಮ್ಮಲ್ಲಿಲ್ಲದ ಕಾರಣ ರೆಫರ್ ಮಾಡುತ್ತೇವೆ ಎಂದರು. ಸೊಸೆ ಅಳುತ್ತ ಕೌಂಟರಿಗೆ ಬಂದಳು. ವೈದ್ಯರು ಕೈಬಿಟ್ಟರು ಎಂದೇ ಅವಳು ತಿಳಿದಿದ್ದಳು. ಹಿಂದಿನ ಸಂಜೆ ಶಸ್ತ್ರಚಿಕಿತ್ಸಕರ ಅಭಿಪ್ರಾಯಕ್ಕೆ ರೆಫರ್ ಮಾಡಿದ್ದಾರೆ ಎಂಬ ಮಾತನ್ನೂ ಅವಳು ಕೇಳಿದ್ದಳು. ಆ ರೆಫರಲ್‌ನಲ್ಲಿ ರೋಗಿ ಅದೇ ಮಂಚದ ಮೇಲಿರುತ್ತಾರೆ, ವೈದ್ಯರು ಬಂದು ನೋಡುತ್ತಾರೆ. ಈ ರೆಫರಲ್‌ನಲ್ಲಿ ರೋಗಿಯೇ ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ‘ಅಮ್ಮಾ, ಮಾವನವರು ಈ ರಾತ್ರಿ ಇನ್ನೊಂದು ಆಸ್ಪತ್ರೆಯಲ್ಲಿ ಮಲಗುತ್ತಾರೆ. ಕಲ್ಲು ತೆಗೆಯುವ ಯಂತ್ರ ಅಲ್ಲಿದೆ, ಅದಕ್ಕೇ ಕಳಿಸುತ್ತಿದ್ದಾರೆ’ ಎಂದ ಮೇಲೆ ಅವಳು ಕುಳಿತು ಕೇಳಿಸಿಕೊಂಡಳು.

ರೆಫರಲ್ ಪತ್ರವನ್ನು ನಾನು ಕುಟುಂಬದವರ ಕೈಯಲ್ಲೇ ಓದಿಸುತ್ತೇನೆ. ಕಳಿಸುತ್ತಿರುವ ಕಾರಣ, ಈವರೆಗಿನ ವರದಿಗಳು, ಕೊಟ್ಟ ಔಷಧಗಳು, ಕೊನೆಯ ಆಂಟಿಬಯಾಟಿಕ್ ಡೋಸ್ ಎಷ್ಟು ಗಂಟೆಗೆ ಕೊಟ್ಟದ್ದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದು ಅದರಲ್ಲಿರಬೇಕು. ಈ ಪ್ರಸಂಗದಲ್ಲಿ ಡೋಸಿನ ಸಮಯ ಬಿಟ್ಟುಹೋಗಿತ್ತು. ಮಗನೇ ವಾರ್ಡಿಗೆ ಮರಳಿ ಸಿಸ್ಟರ್ ಬಳಿ ಬರೆಸಿಕೊಂಡು ಬಂದ. ಆಂಬುಲೆನ್ಸ್ ಹೊರಡುವ ಮೊದಲು ಆ ಆಸ್ಪತ್ರೆಯಲ್ಲಿ ಯಾರೊಂದಿಗೆ ಮಾತನಾಡಿದ್ದಾರೆ, ಮಂಚ ಖಾಲಿ ಇದೆಯೇ ಎಂದು ಕೇಳಿ ಆ ಹೆಸರನ್ನು ಪತ್ರದ ಮೇಲೆ ಬರೆಸಿಕೊಳ್ಳದಿದ್ದರೆ, ಅಲ್ಲಿಯ ಬಾಗಿಲಿನಲ್ಲಿ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಹಣದ ವಿಚಾರದಲ್ಲಿ ಮಗ ಅಂದುಕೊಂಡಿದ್ದೇ ಬೇರೆ: ಇಲ್ಲಿ ಕಟ್ಟಿದ ಅಡ್ವಾನ್ಸ್ ಅಲ್ಲಿಗೂ ನಡೆಯುತ್ತದೆ ಎಂದು. ನಡೆಯುವುದಿಲ್ಲ. ಇಲ್ಲಿಯ ಲೆಕ್ಕ ಇಲ್ಲಿಯೇ ಮುಗಿಯುತ್ತದೆ, ಅಲ್ಲಿ ಹೊಸ ಅಡ್ಮಿಷನ್, ಹೊಸ ಅಡ್ವಾನ್ಸ್.

ಅಂದರೆ ರೆಫರ್ ಆಗಿ ಹೋಗುವವರಿಗೂ ನಮ್ಮ ದಾಖಲೆಯ ಮಟ್ಟಿಗೆ ಡಿಸ್ಚಾರ್ಜ್ ಆಗುತ್ತದೆ. ಡಿಸ್ಚಾರ್ಜ್ ಎಂದರೆ ಗುಣವಾಯಿತು ಎಂದೇನೂ ಅಲ್ಲ ಎಂಬುದನ್ನು ಒಪ್ಪಿಸುವುದು ನಾಲ್ಕರಲ್ಲೂ ಕಷ್ಟದ ಕೆಲಸ. ಇನ್ನೊಂದು ಪೇಚು ಅದರ ಹೊತ್ತಿನದು. ರೌಂಡ್ಸಿನಲ್ಲಿ ‘ಇವತ್ತು ಡಿಸ್ಚಾರ್ಜ್’ ಎಂದರೆ ಕುಟುಂಬದವರು ಆ ಕ್ಷಣವೇ ವಾಹನ ಕರೆಸುತ್ತಾರೆ. ಆದರೆ ಕಿರಿಯ ವೈದ್ಯರು ಸಾರಾಂಶ ಬರೆದು ಹಿರಿಯರು ಸಹಿ ಮಾಡಬೇಕು, ಬಳಸದ ಔಷಧ ಫಾರ್ಮಸಿಗೆ ಮರಳಬೇಕು, ಪ್ರಯೋಗಾಲಯದ ಬಾಕಿ ಲೆಕ್ಕ ಸೇರಬೇಕು, ಆಮೇಲೆ ಅಂತಿಮ ಬಿಲ್ಲು. ವಿಮೆಯಿದ್ದರೆ ಅವರ ಒಪ್ಪಿಗೆ ಬರುವ ತನಕ ಇನ್ನಷ್ಟು ತಾಸು. ನಮ್ಮಲ್ಲಿ ಇದಕ್ಕೆ ಸಾಮಾನ್ಯವಾಗಿ ನಾಲ್ಕೈದು ಗಂಟೆ ಹಿಡಿಯುತ್ತದೆ. ಹಾಗಾಗಿ ಬಿಲ್ಲು ತೀರಿಸಿದ ರಸೀದಿ ಮತ್ತು ಸಹಿಯಾದ ಸಾರಾಂಶ ಎರಡೂ ಕೈಗೆ ಬಂದು, ಕ್ಯಾನುಲಾ ತೆಗೆದ ಮೇಲೆಯೇ ವಾಹನಕ್ಕೆ ಹೇಳಿ ಎನ್ನುತ್ತೇನೆ. ಕ್ಯಾನುಲಾದ ಮಾತನ್ನು ತಮಾಷೆಗೆ ಸೇರಿಸಿದ್ದಲ್ಲ, ಕೈಯಲ್ಲಿ ಅದನ್ನಿಟ್ಟುಕೊಂಡೇ ಗೇಟಿನವರೆಗೆ ಹೋದವರನ್ನು ನಾನು ಕಂಡಿದ್ದೇನೆ.

ಸಾರಾಂಶದಲ್ಲಿ ಯಾವ ಮಾತ್ರೆ ಎಷ್ಟು ದಿನ, ಹಳೆಯ ಮಾತ್ರೆಗಳಲ್ಲಿ ಯಾವುದು ನಿಂತಿದೆ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು, ಮರುಭೇಟಿ ಎಂದು ಎಂಬ ನಾಲ್ಕು ಸಾಲುಗಳ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಹಾಕಿಕೊಡುತ್ತೇನೆ. ಮರುಭೇಟಿಗೆ ಬರುವುದು ಮತ್ತೆ ಓಪಿಡಿಗೆ, ಅಡ್ಮಿಟ್ ಆಗಿದ್ದ ವಾರ್ಡಿಗಲ್ಲ. ಆ ತಂದೆ ಕಲ್ಲು ತೆಗೆಸಿಕೊಂಡು ಸುಧಾರಿಸಿದ ಮೇಲೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ವಿಚಾರಕ್ಕೆ ನಮ್ಮಲ್ಲಿಗೇ ಬಂದಾಗ, ಎರಡೂ ಆಸ್ಪತ್ರೆಯ ಸಾರಾಂಶಗಳನ್ನು ಹಿಡಿದುಕೊಂಡು ಮಗ ನೇರವಾಗಿ ಓಪಿಡಿ ಸಾಲಿನಲ್ಲಿ ನಿಂತಿದ್ದ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ: ವಿವರಣೆಯನ್ನು ನನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಅವರ ಮೊಬೈಲಿಗೆ ಕಳಿಸುವುದು. ಕೇಳಿದವರು ಕಡಿಮೆ. ಕೇಳಿದವರೂ ಮನೆಯವರಿಗೆ ಅದನ್ನೇ ರವಾನಿಸಿ ಸುಮ್ಮನಾದರು, ತಾವಾಗಿ ಹೇಳಲಿಲ್ಲ, ಆದ್ದರಿಂದ ಎಲ್ಲಿ ತಪ್ಪಿದ್ದಾರೆಂಬುದು ನನಗೆ ತಿಳಿಯಲೇ ಇಲ್ಲ. ಕೈಬಿಟ್ಟೆ. ಕುಟುಂಬದಲ್ಲಿ ಯಾರಿಂದ ಫೋನ್ ಮಾಡಿಸಬೇಕು, ಆಚೆ ಬದಿಯಲ್ಲಿ ಯಾರಿದ್ದರೆ ಒಳ್ಳೆಯದು ಎಂಬುದರಲ್ಲಿ ನನ್ನದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಪಕ್ಕ ಕುಳಿತವರಿಗೆ ಹೇಳಿಕೊಡುತ್ತೇನೆ.

ಒಂದು ಕುಟುಂಬಕ್ಕೆ ಮೊದಲು ಮೂರು ನಿಮಿಷ ಸಾಕಾಗುತ್ತಿತ್ತು, ಈಗ ಆರೇಳು ಬೇಕು. ಆದರೆ ಅದೇ ಮನೆಯವರು ದಿನಕ್ಕೆ ನಾಲ್ಕೈದು ಸಲ ಕೌಂಟರಿಗೆ ಬರುತ್ತಿದ್ದವರು ಈಗ ಒಂದೆರಡು ಸಲ ಬಂದರೆ ಹೆಚ್ಚು, ಸಾಲೂ ಬೆಳೆಯಲಿಲ್ಲ. ರೋಗಿಯ ಸ್ಥಿತಿ ತೀರಾ ಬಿಗಡಾಯಿಸಿದ್ದಾಗ ಮಾತ್ರ ಈ ಕ್ರಮಕ್ಕೆ ಹೋಗುವುದಿಲ್ಲ. ಆಗ ಸಹಿ ಹಾಕಬೇಕಾದವರನ್ನು ವೈದ್ಯರ ಎದುರಿಗೆ ಕರೆದೊಯ್ಯುವುದಷ್ಟೇ ನನ್ನ ಕೆಲಸ. ವೈದ್ಯರ ಸಲಹೆ ಮೀರಿ ಕರೆದುಕೊಂಡು ಹೋಗುತ್ತೇವೆ ಎನ್ನುವವರಿಗೂ ಕೌಂಟರಿನಲ್ಲಿ ಉತ್ತರ ಕೊಡುವುದಿಲ್ಲ. ಅದು ಡಿಸ್ಚಾರ್ಜ್ ಎಂಬ ಹೆಸರಿನಲ್ಲೇ ನಡೆದರೂ, ಹೊಣೆ ತಮ್ಮದೆಂದು ಬರೆದು ಸಹಿ ಹಾಕುವ ಬೇರೆಯೇ ಕಾಗದ ಅದಕ್ಕಿದೆ, ಮತ್ತು ಹೋದರೆ ಆಗಬಹುದಾದ ಅಪಾಯವನ್ನು ವೈದ್ಯರೇ ಬಾಯಿಬಿಟ್ಟು ಹೇಳಿದ ಮೇಲಷ್ಟೇ ಆ ಕಾಗದವನ್ನು ಅವರ ಮುಂದಿಡಬೇಕು.