ಒಂದು ಸ್ಟಾಪ್ ಬಟನ್ ಇಟ್ಕೊಂಡು ಪಿಎಲ್‌ಸಿ ಇಂಟರ್ವ್ಯೂಗೆ ತಯಾರಾದೆ

ಇನ್ನೂರು ಪ್ರಶ್ನೆಗಳ ಪಿಡಿಎಫ್ ಉರು ಹೊಡೆಯೋದು ನನಗೆ ಆಗುವ ಕೆಲಸ ಅಲ್ಲ. ಸ್ಟಾರ್ಟ್, ಸ್ಟಾಪ್, ಓವರ್‌ಲೋಡ್, ಒಂದು ಮೋಟಾರ್ ಇಷ್ಟನ್ನೇ ತೆಗೆದುಕೊಂಡು ಅದರ ಮೇಲೆ ಬರಬಹುದಾದ ಪ್ರಶ್ನೆಗಳನ್ನೆಲ್ಲ ನಾನೇ ಬರೆದೆ. ಪೀಣ್ಯದ ಫ್ಯಾಕ್ಟರಿಯಲ್ಲೂ, ಆಮೇಲೆ ದುಬೈ ಕೆಲಸದ ವಿಡಿಯೋ ಕಾಲ್‌ನಲ್ಲೂ ಮಾತು ಇದರ ಸುತ್ತಲೇ ತಿರುಗಿತು.

ಮೊದಲ ಪ್ರಶ್ನೆ: ಸ್ಟಾಪ್ ಬಟನ್‌ಗೆ ಎನ್‌ಸಿ, ಅಂದರೆ ಒತ್ತದಿದ್ದಾಗ ಮುಚ್ಚಿರುವ ಕಾಂಟ್ಯಾಕ್ಟ್ ಯಾಕೆ? ಬಟನ್ ಒತ್ತದಿದ್ದಾಗ, ಮೆಷಿನ್ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯ ಇನ್‌ಪುಟ್‌ಗೆ 24 ವೋಲ್ಟ್ ಬರುತ್ತಿರುತ್ತದೆ. ವೈರ್ ಕಿತ್ತುಹೋದರೆ ಇನ್‌ಪುಟ್ ಸೊನ್ನೆಯಾಗಿ ಮೋಟಾರ್ ನಿಲ್ಲುತ್ತದೆ. ಒತ್ತಿದಾಗ ಮಾತ್ರ ಮುಚ್ಚುವ ಎನ್‌ಒ ಹಾಕಿದ್ದರೆ ವೈರ್ ಕಿತ್ತಿದ್ದು ಗೊತ್ತೇ ಆಗೋದಿಲ್ಲ, ನಿಲ್ಲಿಸಬೇಕು ಅಂದಾಗ ಬಟನ್ ಕೆಲಸ ಮಾಡೋದಿಲ್ಲ. ತಕ್ಷಣ ಎರಡನೇ ಪ್ರಶ್ನೆ ಬರುತ್ತದೆ: ಹಾಗಾದರೆ ಪಿಎಲ್‌ಸಿಯ ಲ್ಯಾಡರ್ ಪ್ರೋಗ್ರಾಮ್‌ನಲ್ಲಿ ಯಾವ ಕಾಂಟ್ಯಾಕ್ಟ್? ಇಲ್ಲಿ ಜಾಸ್ತಿ ಜನ ಎನ್‌ಸಿ ಅಂತಾರೆ. ಇನ್‌ಪುಟ್ ಆಗಲೇ 1 ಇದೆ ಅಲ್ವಾ, ಆದ್ದರಿಂದ ಪ್ರೋಗ್ರಾಮ್‌ನಲ್ಲಿ ಎನ್‌ಒ ಹಾಕಬೇಕು. ಓವರ್‌ಲೋಡ್ ಕಾಂಟ್ಯಾಕ್ಟ್‌ಗೂ ಇದೇ ಲೆಕ್ಕ. ಪೇಪರ್ ಕೊಟ್ಟರೆ ಹೀಗೆ ಬರೆದು ತೋರಿಸುತ್ತಿದ್ದೆ:

```
Motor := (Start OR Motor) AND Stop AND Overload;
```

ಆಮೇಲೆ ಬರೋದು ಫಾಲ್ಟ್: ಸ್ಟಾರ್ಟ್ ಒತ್ತಿದರೂ ಮೋಟಾರ್ ಓಡುತ್ತಿಲ್ಲ, ಏನು ಮಾಡ್ತೀಯಾ? "ಪ್ರೋಗ್ರಾಮ್ ನೋಡ್ತೀನಿ ಸರ್" ಅಂದರೆ ಕೆಟ್ಟಿತು. ಓಡುತ್ತಿದ್ದ ಮೆಷಿನ್‌ನಲ್ಲಿ ಪ್ರೋಗ್ರಾಮ್ ತಾನಾಗೇ ಬದಲಾಗೋದು ಅಪರೂಪ. ನಾನು ಇನ್‌ಪುಟ್ ದೀಪಗಳಿಂದ ಶುರು ಮಾಡುತ್ತಿದ್ದೆ. ಸ್ಟಾಪ್ ಇನ್‌ಪುಟ್ ದೀಪ ಆರಿದ್ದರೆ ಬಟನ್, ವೈರ್, ಟರ್ಮಿನಲ್ ನೋಡಬೇಕು. ಓವರ್‌ಲೋಡ್ ದೀಪ ಆರಿದ್ದರೆ ರಿಲೇ ಟ್ರಿಪ್ ಆಗಿದೆಯಾ ನೋಡಬೇಕು. ಸುಮ್ನೆ ರೀಸೆಟ್ ಮಾಡೋದಲ್ಲ, ಕರೆಂಟ್ ಯಾಕೆ ಏರಿತು ಅಂತಾನೂ ಹುಡುಕಬೇಕು.

ಔಟ್‌ಪುಟ್ ದೀಪ ಹತ್ತಿದೆ, ಮೋಟಾರ್‌ಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಎಳೆಯುತ್ತಿಲ್ಲ ಅಂದರೆ? ಈ ಪ್ರಶ್ನೆ ನನಗೆ ತುಂಬ ಇಷ್ಟ. ದೀಪ ಹೇಳೋದು ಪಿಎಲ್‌ಸಿ ಆರ್ಡರ್ ಕೊಟ್ಟಿದೆ ಅಂತ ಮಾತ್ರ. ರಿಲೇ ಔಟ್‌ಪುಟ್‌ನ ಕಾಮನ್‌ಗೆ ಬರುವ ಫ್ಯೂಸ್ ಹೋಗಿದ್ದರೂ ದೀಪ ಹತ್ತುತ್ತದೆ. ಅದಕ್ಕೆ ಮೀಟರ್ ಹಿಡಿದು ಕಾಂಟ್ಯಾಕ್ಟರ್ ಕಾಯಿಲ್‌ನ A1, A2 ನಡುವೆ ವೋಲ್ಟೇಜ್ ನೋಡುತ್ತೇನೆ. ವೋಲ್ಟೇಜ್ ಬಂದಿದ್ದರೆ ಕಾಯಿಲ್ ಅಥವಾ ಕಾಂಟ್ಯಾಕ್ಟರ್ ಕೆಟ್ಟಿದೆ, ಬಂದಿಲ್ಲದಿದ್ದರೆ ಹಿಂದಕ್ಕೆ ಹುಡುಕುತ್ತಾ ಹೋಗಬೇಕು.

ದುಬೈನವರು ಇದಕ್ಕೆ ಮುಂಚೆಯೇ ತಡೆದರು: ಟರ್ಮಿನಲ್ ಬಿಚ್ಚೋಕೆ ಮೊದಲು ಏನು ಮಾಡ್ತೀರಿ? ಪರ್ಮಿಟ್, ಐಸೊಲೇಟರ್ ಆಫ್, ನನ್ನದೇ ಬೀಗ ಮತ್ತು ಟ್ಯಾಗ್. ಆಮೇಲೆ ಕರೆಂಟ್ ಇರುವ ಕಡೆ ಟೆಸ್ಟರ್ ಸರಿಯಿದೆಯಾ ನೋಡಿಕೊಂಡು, ಇಲ್ಲಿ ಸಪ್ಲೈ ಇಲ್ಲ ಅಂತ ಖಚಿತ ಮಾಡೋದು. ಇದನ್ನು ಇಂಗ್ಲಿಷ್‌ನಲ್ಲಿ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿದ್ದು ಉಪಯೋಗಕ್ಕೆ ಬಂತು.

ಕೊನೆಗೊಂದು ಕೊಕ್ಕೆ ಹಾಕಿದರು: "ಪ್ರೊಡಕ್ಷನ್ ನಿಂತಿದೆ, ಸೂಪರ್‌ವೈಸರ್ ಸ್ಟಾಪ್ ಇನ್‌ಪುಟ್ ಫೋರ್ಸ್ ಮಾಡಿ ಅಂತಾರೆ. ಮಾಡ್ತೀರಾ?" ಮಾಡಲ್ಲ ಅಂದೆ. ಫೋರ್ಸ್ ಅಂದರೆ ಇನ್‌ಪುಟ್ ನಿಜಕ್ಕೂ ಏನಿದ್ದರೂ ಅದನ್ನು 1 ಅಂತ ಲ್ಯಾಪ್‌ಟಾಪ್‌ನಿಂದ ಹಿಡಿದಿಡೋದು. ಹಾಗೆ ಮಾಡಿದ ಮೇಲೆ ಯಾರು ಸ್ಟಾಪ್ ಒತ್ತಿದರೂ ಮೋಟಾರ್ ನಿಲ್ಲೋದಿಲ್ಲ. ಸೀಮೆನ್ಸ್ ಎಸ್7-1200 ನಂಥ ಪಿಎಲ್‌ಸಿಯಲ್ಲಿ ಲ್ಯಾಪ್‌ಟಾಪ್ ಕಿತ್ತುಕೊಂಡು ಹೋದರೂ ಆ ಫೋರ್ಸ್ ಒಳಗೆ ಹಾಗೇ ಇರುತ್ತದೆ.