ಕೊನೆ ತಿಂಗಳ ಬಾಕಿ ಸಂಬಳ, ಬಾಡಿಗೆ ಮರೆಯಬೇಡಿ

ಪಾಲುದಾರಿಕೆ ವ್ಯಾಪಾರದಲ್ಲಿ ವರ್ಷದ ಕೊನೆ ತಿಂಗಳ ಸಂಬಳ 20,000, ಬಾಡಿಗೆ 15,000 ಇನ್ನೂ ಕೊಟ್ಟಿಲ್ಲ ಅಂದುಕೊಳ್ಳಿ. ದುಡ್ಡು ಹೋಗಿಲ್ಲ ಅಂತ ಸುಮ್ನೆ ಬಿಟ್ಟರೆ ಲಾಭ 35,000 ಜಾಸ್ತಿ ಕಾಣುತ್ತದೆ. ಪಾಲುದಾರರು ಅದನ್ನೂ ಹಂಚಿಕೊಂಡುಬಿಡುತ್ತಾರೆ. ಮುಂದಿನ ವರ್ಷ ಪಾಲಿನ ಪ್ರಮಾಣ ಬದಲಾದರೆ ಜಗಳ ಗ್ಯಾರಂಟಿ.

ವರ್ಷದ ಕೊನೆ ದಿನದ ತಾರೀಖಿಗೆ ಜರ್ನಲ್ ಎಂಟ್ರಿ ಹಾಕಿ. ಸಂಬಳ, ಬಾಡಿಗೆ ಖಾತೆಗಳಿಗೆ ಡೆಬಿಟ್. ಬಾಕಿ ಸಂಬಳ, ಬಾಕಿ ಬಾಡಿಗೆ ಖಾತೆಗಳಿಗೆ ಅಷ್ಟಷ್ಟೇ ಕ್ರೆಡಿಟ್. ಈ ಬಾಕಿ ಬ್ಯಾಲೆನ್ಸ್ ಶೀಟಿನಲ್ಲಿ ಸಾಲದ ಕಡೆ ಬರುತ್ತದೆ.

ನಾನು ಎಡವಿದ್ದು ಮುಂದಿನ ತಿಂಗಳು. ಹಣ ಕೊಟ್ಟಾಗ ಮತ್ತೆ ಸಂಬಳ ಖಾತೆಗೇ ಡೆಬಿಟ್ ಮಾಡಿದ್ದೆ. ಬಾಕಿ ಸಂಬಳ ಖಾತೆಗೆ ಮಾಡಬೇಕಿತ್ತು. ಹೊಸ ವರ್ಷದ ಲೆಕ್ಕದಲ್ಲಿ 13 ತಿಂಗಳ ಸಂಬಳ! ಹಣ ಕೊಟ್ಟ ಮೇಲೂ ಬಾಕಿ ಖಾತೆ ಸೊನ್ನೆ ಆಗದಿದ್ದರೆ ಇದೇ ತಪ್ಪು ಆಗಿರಬಹುದು, ನೋಡಿ.